ಡಿಬೇಟ್‌ಗಾಗಿ ಬಯಾಸ್ ಪುಸ್ತಕಗಳು: ಯಾವುದನ್ನು ಓದಬೇಕು, ಓದಿದ್ದನ್ನು ವೇದಿಕೆಗೆ ತರುವುದು ಹೇಗೆ

ಬಯಾಸ್‌ಗಳ ಬಗ್ಗೆ ಹೊಸದಾಗಿ ಪುಸ್ತಕ ಓದಿದ ಡಿಬೇಟರ್‌ನನ್ನು ಗುರುತಿಸುವುದು ಸುಲಭ. ಖಂಡನೆಯ ಸರದಿ ಬಂದಾಗ ಎದ್ದು ನಿಂತು, "ಎದುರು ತಂಡದವರು ಕನ್ಫರ್ಮೇಶನ್ ಬಯಾಸ್‌ಗೆ ಬಲಿಯಾಗಿದ್ದಾರೆ", ಅಂದರೆ ತಾವು ನಂಬಿದ್ದಕ್ಕೆ ಹೊಂದುವ ಪುರಾವೆಯನ್ನಷ್ಟೇ ನೋಡಿದ್ದಾರೆ ಎಂದು ಹೇಳಿ, ಗೆದ್ದವರ ಹಾಗೆ ಮುಂದಿನ ಅಂಶಕ್ಕೆ ಹೋಗುತ್ತಾರೆ. ತೀರ್ಪುಗಾರರ ಹಾಳೆಯಲ್ಲಿ ಆ ಸಾಲಿಗೆ ಏನೂ ಬೀಳುವುದಿಲ್ಲ, ಏಕೆಂದರೆ ಅದು ಖಂಡನೆಯೇ ಅಲ್ಲ. ಒಬ್ಬರು ಒಂದು ಮಾತನ್ನು ಏಕೆ ನಂಬಿದ್ದಾರೆ ಎಂಬುದು ಒಂದು ಪ್ರಶ್ನೆ, ಆ ಮಾತು ನಿಜವೋ ಸುಳ್ಳೋ ಎಂಬುದು ಬೇರೆ ಪ್ರಶ್ನೆ. ಪಕ್ಷಪಾತದಿಂದ ನಂಬಿದ ಮಾತೂ ನಿಜವಾಗಿರಬಹುದು.

ಪುಸ್ತಕಗಳನ್ನು ಆರಿಸುವಾಗಲೂ ಇದೇ ಭೇದ ತಲೆಯಲ್ಲಿರಬೇಕು. ಬಯಾಸ್ ಎಂದರೆ ಮನಸ್ಸು ಒಂದೇ ದಿಕ್ಕಿಗೆ ಮತ್ತೆ ಮತ್ತೆ ವಾಲುವ ರೀತಿ, ಅದು ತಲೆಯೊಳಗಿನ ಸಂಗತಿ. ತರ್ಕದೋಷ ಅಥವಾ ಫ್ಯಾಲಸಿ ಎಂದರೆ ಆಡಿದ ವಾದದಲ್ಲೇ ಇರುವ ಬಿರುಕು. ಅದನ್ನು ಎಲ್ಲರೂ ನೋಡುವ ಹಾಗೆ ಬೆರಳಿಟ್ಟು ತೋರಿಸಬಹುದು. ವೇದಿಕೆಯಲ್ಲಿ ಎದುರಾಳಿಯ ತಲೆ ಬಿಚ್ಚಿ ತೋರಿಸಲು ನಿಮಗೆ ಸಾಧ್ಯವಿಲ್ಲ, ಅವರ ವಾದವನ್ನು ಬಿಚ್ಚಬಹುದು. ಹಾಗಾಗಿ ಫ್ಯಾಲಸಿ ಪುಸ್ತಕಗಳು ವೇದಿಕೆಯ ಮೇಲೆ ನೇರವಾಗಿ ಒದಗುತ್ತವೆ. ಬಯಾಸ್ ಪುಸ್ತಕಗಳು ಒದಗುವುದು ಎರಡು ಕಡೆ: ಎದುರಿನವರ ಅಂಕಿಅಂಶ ಎಲ್ಲಿ ಮುರಿಯುತ್ತದೆ ಎಂದು ಹುಡುಕುವಾಗ, ಮತ್ತು ನಿಮ್ಮದೇ ತಯಾರಿಯನ್ನು ಜಾಲಾಡುವಾಗ.

ಯಾವ ಪುಸ್ತಕ, ಯಾವ ಕ್ರಮದಲ್ಲಿ

ನಾಲ್ಕು ಪುಸ್ತಕ ಸಾಕು. ಹತ್ತು ಓದಿ ಹತ್ತನ್ನೂ ಮರೆಯುವುದಕ್ಕಿಂತ ಇದು ಲಾಭದ ದಾರಿ.

ಮೊದಲನೆಯದು ಅಲಿ ಅಲ್ಮೊಸ್ಸಾವಿಯವರ 'ಆ್ಯನ್ ಇಲ್ಲಸ್ಟ್ರೇಟೆಡ್ ಬುಕ್ ಆಫ್ ಬ್ಯಾಡ್ ಆರ್ಗ್ಯುಮೆಂಟ್ಸ್'. ಚಿತ್ರಗಳಿರುವ ತೆಳು ಪುಸ್ತಕ, ಒಂದೇ ಕೂತಿಗೆ ಮುಗಿಯುತ್ತದೆ. ಪ್ರತಿ ಎರಡು ಪುಟಕ್ಕೆ ಒಂದು ದೋಷ. ಅದರಿಂದ ಹೆಸರುಗಳ ಪರಿಚಯವಾಗುತ್ತದೆ, ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸಬೇಡಿ.

ಎರಡನೆಯದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ', 2011ರದ್ದು. 38 ಅಧ್ಯಾಯಗಳ ಈ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೊರಟವರಲ್ಲಿ ಬಹಳ ಮಂದಿ ನಡುವೆಯೇ ನಿಲ್ಲುತ್ತಾರೆ. ಡಿಬೇಟ್‌ಗೆ ಬೇಕಾದ ಭಾಗ ಯಾವುದೆಂದು ಮುಂದೆ ಹೇಳಿದೆ.

ಮೂರನೆಯದು ಡಗ್ಲಸ್ ವಾಲ್ಟನ್ ಅವರ 'ಇನ್ಫಾರ್ಮಲ್ ಲಾಜಿಕ್', ಮೊದಲು ಬಂದದ್ದು 1989ರಲ್ಲಿ. ಇದು ಪಠ್ಯಪುಸ್ತಕದಂತಿದೆ, ಓದಲು ಒಣ ಎನ್ನಿಸುತ್ತದೆ. ಆದರೆ ಅಲ್ಮೊಸ್ಸಾವಿ ಪುಸ್ತಕ ಉಳಿಸಿಹೋಗುವ ಒಂದು ತಪ್ಪು ಕಲ್ಪನೆಯನ್ನು ಇದು ತಿದ್ದುತ್ತದೆ.

ನಾಲ್ಕನೆಯದು ಕ್ಯಾರಲ್ ಟ್ಯಾವ್ರಿಸ್ ಮತ್ತು ಎಲಿಯಟ್ ಆರನ್ಸನ್ ಅವರ 'ಮಿಸ್ಟೇಕ್ಸ್ ವರ್ ಮೇಡ್', 2007. ತಪ್ಪು ಮಾಡಿದವರು ತಮಗೇ ಹೇಗೆ ಸಮಜಾಯಿಷಿ ಕೊಟ್ಟುಕೊಳ್ಳುತ್ತಾರೆ ಎಂಬುದೇ ಅದರ ವಸ್ತು. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಓದಬೇಕಾದದ್ದು ಎದುರಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ, ನಿಮ್ಮನ್ನು.

ರಾಲ್ಫ್ ಡೊಬೆಲ್ಲಿಯವರ 'ದಿ ಆರ್ಟ್ ಆಫ್ ಥಿಂಕಿಂಗ್ ಕ್ಲಿಯರ್ಲಿ'ಯನ್ನು ಹಲವರು ಮೊದಲು ಕೈಗೆತ್ತಿಕೊಳ್ಳುತ್ತಾರೆ. 99 ಪುಟ್ಟ ಅಧ್ಯಾಯಗಳಿವೆ, ಓದು ಸಲೀಸಾಗಿ ಸಾಗುತ್ತದೆ. ಆದರೆ ಎರಡು ಮೂರು ಪುಟಕ್ಕೊಂದು ಬಯಾಸ್ ಮುಗಿದುಹೋಗುವುದರಿಂದ ಪ್ರಯೋಗ ಹೇಗೆ ನಡೆಯಿತು, ಅದರ ಮಿತಿ ಏನು ಎಂಬುದು ಕೈಗೆ ಸಿಗುವುದಿಲ್ಲ. ಎದುರಾಳಿ ಒಂದು ಮರುಪ್ರಶ್ನೆ ಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕಾಹ್ನೆಮನ್ ಪುಸ್ತಕದಲ್ಲಿ ಓದಬೇಕಾದದ್ದು

ಮೊದಲು 7ನೇ ಅಧ್ಯಾಯ. ಕೈಯಲ್ಲಿರುವ ಅಷ್ಟಿಷ್ಟು ಮಾಹಿತಿಯಿಂದಲೇ ಮನಸ್ಸು ಪೂರ್ತಿ ಕಥೆ ಕಟ್ಟಿಬಿಡುತ್ತದೆ, ಕಾಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂಬ ಮೂಲ ಮಾತು ಅಲ್ಲಿದೆ. ಆಮೇಲೆ 10ರಿಂದ 17ರವರೆಗೆ ಎಂಟು ಅಧ್ಯಾಯ: ಸಣ್ಣ ಸ್ಯಾಂಪಲ್, ಮೊದಲು ಕೇಳಿದ ಸಂಖ್ಯೆಗೇ ಅಂದಾಜು ಅಂಟಿಕೊಳ್ಳುವ ಆಂಕರಿಂಗ್, ಸುಲಭವಾಗಿ ನೆನಪಿಗೆ ಬರುವುದನ್ನೇ ಹೆಚ್ಚೆಂದು ಭಾವಿಸುವುದು, ಇಡೀ ಗುಂಪಿನಲ್ಲಿ ಒಂದು ಸಂಗತಿ ಮೊದಲೇ ಎಷ್ಟು ಸಾಮಾನ್ಯ ಎಂಬ ಬೇಸ್ ರೇಟ್, ವಿಪರೀತ ಫಲಿತಾಂಶ ಮುಂದಿನ ಸಲ ಸರಾಸರಿಯತ್ತ ಮರಳುವಿಕೆ. ಕೊನೆಗೆ 34ನೇ ಅಧ್ಯಾಯ, ಒಂದೇ ಸಂಗತಿಯನ್ನು ಎರಡು ರೀತಿ ಹೇಳಿದರೆ ಆಯ್ಕೆ ಹೇಗೆ ತಿರುಗುತ್ತದೆ ಎಂಬುದು. ಒಟ್ಟು ಹತ್ತು ಅಧ್ಯಾಯ. ದಿನಕ್ಕೊಂದು ಓದಿ, ಮಾರನೆಯ ದಿನ ಪುಸ್ತಕ ಮುಚ್ಚಿ ಅದರ ಕಾರ್ಡ್ ಬರೆದರೆ ಮೂರು ವಾರದಲ್ಲಿ ಮುಗಿಯುತ್ತದೆ.

4ನೇ ಅಧ್ಯಾಯದ ಬಗ್ಗೆ ಎಚ್ಚರಿಕೆ ಬೇಕು. ಅಲ್ಲಿ ಪ್ರೈಮಿಂಗ್ ಪ್ರಯೋಗಗಳಿವೆ: ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದವರು ನಿಧಾನವಾಗಿ ನಡೆದರು ಎಂಬಂಥವು. ಕೇಳಲು ರೋಚಕ, ಭಾಷಣಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಇತರರು ಮತ್ತೆ ಮಾಡಿ ನೋಡಿದಾಗ ಇಂಥ ಹಲವು ಫಲಿತಾಂಶಗಳು ಬರಲಿಲ್ಲ. ಸ್ಯಾಂಪಲ್ ತೀರ ಚಿಕ್ಕದಾಗಿದ್ದ ಅಧ್ಯಯನಗಳನ್ನು ಅತಿಯಾಗಿ ನಂಬಿಬಿಟ್ಟೆ ಎಂದು 2017ರಲ್ಲಿ ಕಾಹ್ನೆಮನ್ ಅವರೇ ಒಪ್ಪಿಕೊಂಡರು. ಸಣ್ಣ ಸ್ಯಾಂಪಲ್ ನಂಬಬೇಡಿ ಎಂದು 10ನೇ ಅಧ್ಯಾಯದಲ್ಲಿ ಬರೆದವರೇ 4ನೇ ಅಧ್ಯಾಯದಲ್ಲಿ ಎಡವಿದ್ದಾರೆ. ಪುಸ್ತಕದ ಅತ್ಯುತ್ತಮ ಪಾಠ ಬಹುಶಃ ಇದೇ, ಅದು ಪುಸ್ತಕದಲ್ಲಿ ಇಲ್ಲ ಅಷ್ಟೆ.

ಇದರರ್ಥ ಪುಸ್ತಕವೆಲ್ಲ ಬಿದ್ದುಹೋಯಿತು ಎಂದಲ್ಲ. 2014ರಲ್ಲಿ ಪ್ರಕಟವಾದ 'ಮೆನಿ ಲ್ಯಾಬ್ಸ್' ಯೋಜನೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಮೇಲೆ 13 ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಆಂಕರಿಂಗ್ ಗಟ್ಟಿಯಾಗಿ ನಿಂತಿತು, ಲಾಭ ನಷ್ಟದ ಚೌಕಟ್ಟು ಬದಲಿಸಿದಾಗ ಆಯ್ಕೆ ಬದಲಾಗುವುದೂ ನಿಂತಿತು. ಬಿದ್ದವುಗಳಲ್ಲಿ ಧ್ವಜದ ಚಿತ್ರ, ಹಣದ ಚಿತ್ರ ತೋರಿಸಿ ಮಾಡಿದ ಪ್ರೈಮಿಂಗ್ ಪ್ರಯೋಗಗಳಿದ್ದವು. ಇದರಿಂದ ಒಂದು ಕೆಲಸದ ನಿಯಮ ಸಿಗುತ್ತದೆ. ಓದುಗನಿಗೆ ಪ್ರಶ್ನೆ ಕೊಟ್ಟರೆ ಅವನೂ ಅದೇ ತಪ್ಪು ಮಾಡುತ್ತಾನೆ ಎನ್ನುವಂಥ ಪ್ರಯೋಗಗಳನ್ನು ಹೆಚ್ಚು ನೆಚ್ಚಬಹುದು. ಒಂದು ಪದವೋ ಚಿತ್ರವೋ ತೋರಿಸಿದ್ದಕ್ಕೇ ವರ್ತನೆ ಬದಲಾಯಿತು ಎನ್ನುವವನ್ನು ವೇದಿಕೆಗೆ ತರುವ ಮುನ್ನ ಮರುಪ್ರಯೋಗ ಆಗಿದೆಯೇ ಎಂದು ಹುಡುಕಿ.

ಒಂದು ಅಧ್ಯಾಯದಿಂದ ಒಂದು ಕಾರ್ಡ್

ಅಧ್ಯಾಯದ ಸಾರಾಂಶ ಬರೆಯಬೇಡಿ, ಅದು ಪರೀಕ್ಷೆಯ ಅಭ್ಯಾಸ. ಕಾರ್ಡಿನಲ್ಲಿ ಐದೇ ಸಂಗತಿ ಇರಲಿ: ಯಾವ ಬಗೆಯ ಮಾತು ಕೇಳಿದಾಗ ಈ ಕಾರ್ಡ್ ತೆಗೆಯಬೇಕು, ಆ ಮಾತಿನಲ್ಲಿ ಕಾಣೆಯಾಗಿರುವುದೇನು, ಎದುರಾಳಿಗೆ ಕೇಳುವ ಒಂದು ಪ್ರಶ್ನೆ, ಬಾಯಲ್ಲೇ ಹೇಳಬಹುದಾದ ಒಂದು ಲೆಕ್ಕ, ಮತ್ತು ಎದುರಾಳಿ ಕೊಡಬಹುದಾದ ಅತ್ಯುತ್ತಮ ಉತ್ತರ. ಐದನೆಯದನ್ನು ಬರೆಯಲು ಆಗದಿದ್ದರೆ ಅಧ್ಯಾಯ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ. ಬಯಾಸ್‌ನ ಹೆಸರನ್ನು ಕಾರ್ಡಿನ ಹಿಂಬದಿಯಲ್ಲಿ ಬರೆಯಿರಿ. ಮುಂಬದಿಯಲ್ಲಿದ್ದರೆ ವೇದಿಕೆಯಲ್ಲಿ ಬಾಯಿಗೆ ಮೊದಲು ಅದೇ ಬರುತ್ತದೆ.

16ನೇ ಅಧ್ಯಾಯವನ್ನು ತೆಗೆದುಕೊಂಡು ನೋಡೋಣ. ಅಲ್ಲಿರುವ ಟ್ಯಾಕ್ಸಿ ಲೆಕ್ಕ ಹೀಗಿದೆ. ಒಂದು ಊರಿನಲ್ಲಿ ಶೇ. 85 ಟ್ಯಾಕ್ಸಿಗಳು ಹಸಿರು, ಶೇ. 15 ನೀಲಿ. ರಾತ್ರಿ ಒಂದು ಟ್ಯಾಕ್ಸಿ ಡಿಕ್ಕಿ ಹೊಡೆದು ಓಡಿಹೋಗುತ್ತದೆ. ಅದು ನೀಲಿ ಎಂದು ಸಾಕ್ಷಿ ಹೇಳುತ್ತಾನೆ. ಅಂಥ ಬೆಳಕಿನಲ್ಲಿ ಅವನು ಬಣ್ಣವನ್ನು ಶೇ. 80ರಷ್ಟು ಸಲ ಸರಿಯಾಗಿ ಗುರುತಿಸುತ್ತಾನೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಹಾಗಿದ್ದರೆ ಅದು ನಿಜಕ್ಕೂ ನೀಲಿಯಾಗಿರುವ ಸಾಧ್ಯತೆ ಎಷ್ಟು? ಹೆಚ್ಚಿನವರ ಉತ್ತರ ಶೇ. 80. ಸರಿಯಾದ ಉತ್ತರ ಶೇ. 41.

ಪುಸ್ತಕದಲ್ಲಿ ಇದು ಶೇಕಡಾವಾರಿನಲ್ಲಿದೆ, ವೇದಿಕೆಯಲ್ಲಿ ಹಾಗೆ ಹೇಳಿದರೆ ಕೇಳುವವರಿಗೆ ಹತ್ತುವುದಿಲ್ಲ. ಗೆರ್ಡ್ ಗಿಗರೆಂಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಕಾಹ್ನೆಮನ್ ಅವರ ದೊಡ್ಡ ಟೀಕಾಕಾರರು. ಜನ ಇಂಥ ಲೆಕ್ಕದಲ್ಲಿ ಸೋಲುವುದಕ್ಕೆ ಬುದ್ಧಿಯ ದೋಷಕ್ಕಿಂತ ಶೇಕಡಾವಾರು ಎಂಬ ರೂಪವೇ ಹೆಚ್ಚು ಕಾರಣ ಎಂಬುದು ಅವರ ವಾದ. 'ನೂರರಲ್ಲಿ ಎಷ್ಟು ಮಂದಿ' ಎಂದು ಎಣಿಕೆಯ ರೂಪಕ್ಕೆ ತಂದರೆ ಬಹಳ ಜನ ಸರಿಯಾಗಿ ಮಾಡುತ್ತಾರೆ. ಹಾಗೆಯೇ ಮಾಡಿ: ನೂರು ಟ್ಯಾಕ್ಸಿಗಳನ್ನು ಸಾಕ್ಷಿಯ ಮುಂದೆ ಓಡಿಸಿ. 15 ನೀಲಿಯಲ್ಲಿ 12ನ್ನು ಅವನು ನೀಲಿ ಎನ್ನುತ್ತಾನೆ. 85 ಹಸಿರಿನಲ್ಲಿ 17ನ್ನು ತಪ್ಪಾಗಿ ನೀಲಿ ಎನ್ನುತ್ತಾನೆ. ಅವನು ಒಟ್ಟು 29 ಸಲ 'ನೀಲಿ' ಎಂದ, ಅದರಲ್ಲಿ ನಿಜವಾದದ್ದು 12. ಅರ್ಧಕ್ಕಿಂತ ಕಡಿಮೆ. ಇಷ್ಟನ್ನು ಇಪ್ಪತ್ತೈದು ಸೆಕೆಂಡಿನಲ್ಲಿ ಹೇಳಬಹುದು.

ಅದೇ ಕಾರ್ಡ್, ನಿಜವಾದ ಸುತ್ತಿನಲ್ಲಿ

ವಿಷಯ: 'ಸಾರ್ವಜನಿಕ ಸ್ಥಳಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾ ಕಡ್ಡಾಯವಾಗಬೇಕು'. ನೀವು ವಿರೋಧದ ತಂಡ. ಪರ ತಂಡದ ಮೊದಲ ಭಾಷಣಕಾರ, "ಈ ತಂತ್ರಜ್ಞಾನ ಶೇ. 99 ನಿಖರ, ಹಾಗಾಗಿ ಅಮಾಯಕರು ಸಿಕ್ಕಿಬೀಳುವ ಭಯ ಬೇಡ" ಎಂದರು ಅನ್ನಿ. ಕಾರ್ಡ್ ತೆಗೆಯಬೇಕಾದ ಗುರುತು 'ಇಷ್ಟು ನಿಖರ, ಹಾಗಾಗಿ' ಎಂಬ ಜೋಡಣೆ.

ಮೊದಲು ಪ್ರಶ್ನೆ: "ಶೇ. 99 ಎಂದರೆ ಬೇಕಾದವರನ್ನು ಹಿಡಿಯುವ ಪ್ರಮಾಣವೋ, ಬೇಡದವರನ್ನು ಬಿಡುವ ಪ್ರಮಾಣವೋ?" ಇವೆರಡೂ ಬೇರೆ ಸಂಖ್ಯೆಗಳು, ಎಷ್ಟೋ ಸಲ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುತ್ತಾರೆ. ಅವರ ಉತ್ತರ ಏನೇ ಇರಲಿ, ಉದಾರವಾಗಿ ಎರಡೂ ಶೇ. 99 ಎಂದೇ ಇಟ್ಟುಕೊಳ್ಳಿ. ಎದುರಾಳಿಗೆ ಅನುಕೂಲವಾದ ಊಹೆಯ ಮೇಲೇ ಗೆದ್ದರೆ ಆ ಖಂಡನೆಗೆ ತೂಕ ಹೆಚ್ಚು.

ಈಗ ಲೆಕ್ಕ. "ಒಂದು ಕ್ರೀಡಾಂಗಣಕ್ಕೆ 50,000 ಜನ ಬರುತ್ತಾರೆ, ಅವರಲ್ಲಿ ಪೊಲೀಸರಿಗೆ ಬೇಕಾದವರು 10 ಮಂದಿ ಎಂದುಕೊಳ್ಳೋಣ. ಕ್ಯಾಮೆರಾ ಆ 10 ಮಂದಿಯನ್ನೂ ಹಿಡಿಯಿತು ಎನ್ನೋಣ. ಉಳಿದವರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 500 ಜನರನ್ನೂ ಅದು ತಪ್ಪಾಗಿ ತೋರಿಸುತ್ತದೆ. 510 ಸಲ ಗಂಟೆ ಬಾರಿಸಿತು, ಅದರಲ್ಲಿ 500 ಸಲ ಅಮಾಯಕರ ಮೇಲೆ. ಶೇ. 99 ನಿಖರ ಎಂಬ ಯಂತ್ರ ಬೆರಳು ತೋರಿಸಿದ 51 ಜನರಲ್ಲಿ ಒಬ್ಬರು ಮಾತ್ರ ಬೇಕಾದವರು." ಇಲ್ಲಿ 'ಬೇಸ್ ರೇಟ್ ನೆಗ್ಲೆಕ್ಟ್' ಎಂಬ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಿ. ಬೇಕಾಗಿಯೂ ಇಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಒಳ್ಳೆಯ ಎದುರಾಳಿ ಎದ್ದು ನಿಂತಾಗ ತಡವರಿಸುತ್ತಾರೆ. ಆ ಎದುರಾಳಿಯ ಕೈಯಲ್ಲಿ ಎರಡು ಉತ್ತರ ಇವೆ. ಒಂದು: ಗಂಟೆ ಬಾರಿಸಿದೊಡನೆ ಯಾರನ್ನೂ ಬಂಧಿಸುವುದಿಲ್ಲ, ಒಬ್ಬ ಮನುಷ್ಯ ಮತ್ತೆ ನೋಡುತ್ತಾನೆ. 50,000 ಮುಖಗಳನ್ನು 510ಕ್ಕೆ ಇಳಿಸಿಕೊಟ್ಟಿದ್ದೇ ದೊಡ್ಡ ಕೆಲಸ. ಎರಡು: ತಪ್ಪು ಗುರುತಿಸುವಿಕೆ ನೂರಕ್ಕೊಂದರ ಬದಲು ಸಾವಿರಕ್ಕೊಂದಾದರೆ ತಪ್ಪು ಗಂಟೆಗಳು 500ರಿಂದ 50ಕ್ಕೆ ಇಳಿಯುತ್ತವೆ, ಆಗ ಸುಮಾರು ಆರರಲ್ಲಿ ಒಬ್ಬರು ಬೇಕಾದವರೇ. ಎರಡೂ ನ್ಯಾಯವಾದ ಉತ್ತರಗಳು. ಇವು ಕಾರ್ಡಿನ ಐದನೇ ಸಾಲಿನಲ್ಲಿ ಮೊದಲೇ ಇದ್ದರೆ ನೀವು ವಾದವನ್ನು ಸರಿಯಾದ ಜಾಗಕ್ಕೆ ಸರಿಸುತ್ತೀರಿ: "ಹಾಗಾದರೆ ಪ್ರಶ್ನೆ ಯಂತ್ರದ ನಿಖರತೆಯದ್ದಲ್ಲ. ಆ 510 ಜನರನ್ನು ಯಾರು, ಎಷ್ಟು ಹೊತ್ತಿನಲ್ಲಿ, ಯಾವ ನಿಯಮದಡಿ ಪರಿಶೀಲಿಸುತ್ತಾರೆ ಎಂಬುದು. ಪರ ತಂಡ ಅದರ ಬಗ್ಗೆ ಒಂದು ಮಾತನ್ನೂ ಆಡಿಲ್ಲ."

ಈ ಕಾರ್ಡ್ ಕೆಲಸಕ್ಕೆ ಬಾರದ ಸಂದರ್ಭವೂ ಇದೆ. ಬೇರೆ ಸಾಕ್ಷ್ಯದ ಮೇಲೆ ಮೊದಲೇ ಸೋಸಿದ ಗುಂಪಿನ ಮೇಲೆ ಪರೀಕ್ಷೆ ನಡೆಯುತ್ತಿದ್ದರೆ ಬೇಸ್ ರೇಟ್ ಎತ್ತರದಲ್ಲೇ ಇರುತ್ತದೆ. ಶಂಕಿತ 20 ಜನರಲ್ಲಿ 10 ಮಂದಿ ನಿಜವಾಗಿ ಬೇಕಾದವರಾಗಿದ್ದರೆ ಅದೇ ಯಂತ್ರ ಬಹುತೇಕ ತಪ್ಪುವುದಿಲ್ಲ. ಆ ಸುತ್ತಿನಲ್ಲಿ ಈ ಲೆಕ್ಕ ತೆಗೆದರೆ ನೀವೇ ನಗೆಪಾಟಲು.

ಹೀಗೆ ಕೆಲಸಕ್ಕೆ ಬರುವ ಇನ್ನೊಂದು ಅಧ್ಯಾಯ 17ನೆಯದು, ಸರಾಸರಿಯತ್ತ ಮರಳುವಿಕೆಯದ್ದು. ಅತಿ ಹೆಚ್ಚು ಅಪಘಾತವಾದ ವೃತ್ತಗಳನ್ನೇ ಆರಿಸಿ ಅಲ್ಲಿ ಕ್ಯಾಮೆರಾ ಹಾಕಿದರೆ, ಕ್ಯಾಮೆರಾ ಕೆಟ್ಟು ನಿಂತಿದ್ದರೂ ಮುಂದಿನ ವರ್ಷ ಅಪಘಾತ ಕಡಿಮೆಯಾಗುವ ಸಂಭವವೇ ಹೆಚ್ಚು. ಏಕೆಂದರೆ ಆರಿಸಿದ್ದೇ ಕೆಟ್ಟ ವರ್ಷ ನೋಡಿ. ಯಾರಾದರೂ 'ಕ್ರಮ ಕೈಗೊಂಡ ಮೇಲೆ ಇಳಿಯಿತು' ಎಂದಾಗ ಕೇಳಬೇಕಾದ ಪ್ರಶ್ನೆ: "ಕ್ರಮ ಕೈಗೊಳ್ಳದ, ಅಷ್ಟೇ ಕೆಟ್ಟದಾಗಿದ್ದ ಜಾಗಗಳಲ್ಲಿ ಏನಾಯಿತು?"

ಫ್ಯಾಲಸಿ ಪಟ್ಟಿ ಕೈಕೊಡುವುದು ಎಲ್ಲಿ

ಅಲ್ಮೊಸ್ಸಾವಿಯಂಥ ಪುಸ್ತಕ ಓದಿದವರಿಗೆ ಎಲ್ಲ ಕಡೆ ದೋಷಗಳೇ ಕಾಣತೊಡಗುತ್ತವೆ. ತಜ್ಞರನ್ನು ಉಲ್ಲೇಖಿಸಿದರೆ 'ಅಪೀಲ್ ಟು ಅಥಾರಿಟಿ', ಮುಂದಾಗಬಹುದಾದ ಪರಿಣಾಮ ಹೇಳಿದರೆ 'ಸ್ಲಿಪರಿ ಸ್ಲೋಪ್'. ವಾಲ್ಟನ್ ಪುಸ್ತಕ ಬೇಕಾಗುವುದು ಇಲ್ಲೇ. ಈ ವಾದರೂಪಗಳು ಹುಟ್ಟಿನಿಂದಲೇ ತಪ್ಪಲ್ಲ, ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಲ್ಲುತ್ತವೆ, ಕೊಡದಿದ್ದರೆ ಬೀಳುತ್ತವೆ ಎಂಬುದು ಅವರ ನಿಲುವು. ತಜ್ಞರ ಮಾತಿಗೆ ಅವರು ಕೇಳುವ ಪ್ರಶ್ನೆಗಳ ತಿರುಳು ಇಷ್ಟು: ಈತ ನಿಜವಾಗಿ ತಜ್ಞನೇ, ಇದೇ ಕ್ಷೇತ್ರದಲ್ಲಿ ತಜ್ಞನೇ, ನಿಜವಾಗಿ ಹೇಳಿದ್ದೇನು, ವೈಯಕ್ತಿಕವಾಗಿ ನಂಬಬಹುದಾದವನೇ, ಇತರ ತಜ್ಞರು ಒಪ್ಪುತ್ತಾರೆಯೇ, ಮಾತಿಗೆ ಪುರಾವೆ ಇದೆಯೇ.

ವೇದಿಕೆಯಲ್ಲಿ ಈ ಆರರಲ್ಲಿ ಒಂದನ್ನೇ ಆರಿಸಿ. "ಇದು ಅಪೀಲ್ ಟು ಅಥಾರಿಟಿ ಫ್ಯಾಲಸಿ" ಎನ್ನುವುದಕ್ಕಿಂತ "ನೀವು ಉಲ್ಲೇಖಿಸಿದವರು ಹೃದಯತಜ್ಞರು, ಪ್ರಶ್ನೆ ಶಿಕ್ಷಣನೀತಿಯದ್ದು" ಎಂಬುದು ಹತ್ತು ಪಟ್ಟು ಬಲವಾಗಿ ತಾಗುತ್ತದೆ. ಸ್ಲಿಪರಿ ಸ್ಲೋಪ್‌ಗೂ ಅಷ್ಟೆ. ಸರಪಳಿಯ ಎಲ್ಲ ಕೊಂಡಿಗಳನ್ನೂ ಹೀಗಳೆಯದೆ, ಅತಿ ದುರ್ಬಲವಾದ ಒಂದನ್ನು ಹಿಡಿದು "ಎರಡನೆಯದರಿಂದ ಮೂರನೆಯದಕ್ಕೆ ಹೋಗಲೇಬೇಕೆಂದೇನು?" ಎಂದು ಕೇಳಿ. ಇನ್ನೊಂದು ನೆನಪಿರಲಿ: ವಾದದಲ್ಲಿ ದೋಷ ತೋರಿಸಿದರೆ ಆ ವಾದ ಬಿತ್ತು, ನಿರ್ಣಯ ಬೀಳಲಿಲ್ಲ. ಅದೇ ನಿರ್ಣಯಕ್ಕೆ ಬೇರೆ ಒಳ್ಳೆಯ ದಾರಿ ಇರಬಹುದು.

ಈ ವಿದ್ಯೆ ಕನ್ನಡ ಓದುಗರಿಗೆ ಪರಕೀಯವೇನಲ್ಲ. 'ವಿತಂಡವಾದ' ಎಂಬ ಬೈಗುಳ ನೇರ ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಿಂದ ಬಂದದ್ದು. ತನ್ನದೇ ಪಕ್ಷವನ್ನು ಸ್ಥಾಪಿಸದೆ ಬರೀ ಎದುರಿನವರದ್ದನ್ನು ಕೆಡವುವುದಕ್ಕೆ ಗೌತಮನ ನ್ಯಾಯಸೂತ್ರ ಇಟ್ಟ ಹೆಸರು ಅದು. ಕಾರಣದಂತೆ ಕಂಡರೂ ಕಾರಣವಲ್ಲದ ಐದು ಹೇತ್ವಾಭಾಸ, ಎದುರಿನವರ ಮಾತಿನ ಅರ್ಥ ತಿರುಚುವ ಮೂರು ಬಗೆಯ ಛಲ, ವಾದದಲ್ಲಿ ಸೋತೆ ಎನ್ನಿಸಿಕೊಳ್ಳುವ 22 ನಿಗ್ರಹಸ್ಥಾನಗಳು ಅಲ್ಲಿವೆ. ಪದದ ಎರಡು ಅರ್ಥಗಳ ಮೇಲೆ ಆಡುವ ವಾಕ್ಛಲಕ್ಕೆ ಆ ಸೂತ್ರಗಳ ಮೇಲಿನ ವಾತ್ಸ್ಯಾಯನನ ಭಾಷ್ಯ ಕೊಡುವ ಉದಾಹರಣೆ 'ನವಕಂಬಲ'. 'ನವ' ಎಂದರೆ ಹೊಸದು, ಒಂಬತ್ತು ಎರಡೂ ಹೌದು. ಹೊಸ ಕಂಬಳಿ ಹೊದ್ದವನೆಂದು ಒಬ್ಬ ಹೇಳಿದರೆ, 'ಒಂಬತ್ತು ಕಂಬಳಿ ಎಲ್ಲಿವೆ, ಒಂದೇ ಇದೆಯಲ್ಲ' ಎಂದು ಇನ್ನೊಬ್ಬ ಸಿಕ್ಕಿಸುತ್ತಾನೆ. ಇಂದಿನ ಸುತ್ತುಗಳಲ್ಲಿ 'ಸ್ವಾತಂತ್ರ್ಯ', 'ಅಭಿವೃದ್ಧಿ' ಎಂಬ ಪದಗಳ ಅರ್ಥ ಭಾಷಣದ ನಡುವೆಯೇ ಜಾರುವುದನ್ನು ಹಿಡಿಯಲು ಇದಕ್ಕಿಂತ ಚೆನ್ನಾದ ಗುರುತು ಬೇಕಿಲ್ಲ.

ಪುಸ್ತಕವನ್ನು ನಿಮ್ಮ ಕಡೆಗೇ ತಿರುಗಿಸುವುದು

ಪರ ಅಥವಾ ವಿರೋಧ ಎಂದು ಚೀಟಿ ಎತ್ತಿದ ಅರ್ಧ ಗಂಟೆಯಲ್ಲಿ ಆ ಪಕ್ಷವೇ ಸರಿ ಎಂದು ನಿಜವಾಗಿ ಅನ್ನಿಸತೊಡಗುತ್ತದೆ. ಹ್ಯೂಗೊ ಮರ್ಸಿಯೆ ಮತ್ತು ಡ್ಯಾನ್ ಸ್ಪರ್ಬರ್ 2017ರ 'ದಿ ಎನಿಗ್ಮಾ ಆಫ್ ರೀಸನ್' ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಕೊಡುತ್ತಾರೆ: ಮನುಷ್ಯನ ತರ್ಕಶಕ್ತಿ ವಿಕಾಸಗೊಂಡದ್ದೇ ತನ್ನ ಮಾತನ್ನು ಇತರರಿಗೆ ಸಮರ್ಥಿಸಲು ಮತ್ತು ಇತರರ ಮಾತನ್ನು ತೂಗಲು. ಹಾಗಾಗಿ ಒಬ್ಬರೇ ಕೂತು ನಮ್ಮ ವಾದವನ್ನು ಪರೀಕ್ಷಿಸುವುದರಲ್ಲಿ ನಾವು ಸೋಮಾರಿಗಳು, ಇನ್ನೊಬ್ಬರ ವಾದ ಪರೀಕ್ಷಿಸುವಾಗ ಚುರುಕು. ತಯಾರಿಯಲ್ಲಿ ಇದನ್ನೇ ಬಳಸಿಕೊಳ್ಳಬಹುದು.

ತಯಾರಿಗೆ ಒಂದು ಗಂಟೆ ಇದೆ ಎಂದುಕೊಳ್ಳಿ. ಮೊದಲ 35 ನಿಮಿಷ ನಿಮ್ಮ ಪ್ರಕರಣ ಕಟ್ಟಿ. ನಂತರ 10 ನಿಮಿಷ ತಂಡದ ಒಬ್ಬರು ಎದುರಾಳಿಯಾಗಲಿ. ಆ ವಾದವನ್ನು ಬರೆದವರೇ ಆಗಬಾರದು, ಬರೆದವರಿಗೆ ಬಿರುಕು ಕಾಣುವುದಿಲ್ಲ. ಮುಂದಿನ 5 ನಿಮಿಷ ಗ್ಯಾರಿ ಕ್ಲೈನ್ ಅವರ 'ಪ್ರೀಮಾರ್ಟಮ್'. ಕಾಹ್ನೆಮನ್ 24ನೇ ಅಧ್ಯಾಯದಲ್ಲಿ ಇದನ್ನು ಮೆಚ್ಚಿ ಬರೆದಿದ್ದಾರೆ. ಸುತ್ತು ಮುಗಿದಿದೆ, ನಾವು ಸೋತಿದ್ದೇವೆ ಎಂದು ಊಹಿಸಿ, ಏಕೆ ಸೋತೆವು ಎಂಬುದನ್ನು ಪ್ರತಿಯೊಬ್ಬರೂ ಮಾತಾಡದೆ ಎರಡು ಸಾಲು ಬರೆಯಬೇಕು. ಮಾತಾಡದೆ ಎಂಬುದು ಮುಖ್ಯ, ಮೊದಲು ಬಾಯಿ ತೆರೆದವರ ಕಾರಣವೇ ಎಲ್ಲರ ಕಾರಣವಾಗಿಬಿಡುತ್ತದೆ. ಎಲ್ಲರೂ 'ಸಮಯ ಸಾಲಲಿಲ್ಲ', 'ತೀರ್ಪುಗಾರರು ಸರಿಯಿರಲಿಲ್ಲ' ಎಂಬಂಥ ಕಾರಣಗಳನ್ನೇ ಬರೆದಿದ್ದರೆ ಅಭ್ಯಾಸ ಕೆಟ್ಟಿತು ಎಂದು ತಿಳಿಯಿರಿ. ಕನಿಷ್ಠ ಒಂದು ಚೀಟಿಯಲ್ಲಾದರೂ 'ನಮ್ಮ ಎರಡನೇ ವಾದದ ಅಂಕಿ ಹಳೆಯದು' ಎಂಬಂಥ, ನಿಮ್ಮ ಹಾಳೆಯ ಮೇಲೇ ಬೆರಳಿಡುವ ಸಾಲು ಇರಬೇಕು. ಉಳಿದ 10 ನಿಮಿಷ ಆ ಸಾಲನ್ನು ಸರಿಪಡಿಸಲು.